ಬಿಳಿ ಅಂಗಿ, ನಾಲ್ಕು ಜಾತಿಯ ಕಲೆ

ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದ ಬಿಳಿ ಅಂಗಿಯನ್ನು ಬಕೆಟ್ಟಿಗೆ ಹಾಕುವ ಮೊದಲು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಕಾಲರಿನ ಒಳಮಡಿಕೆಯಲ್ಲಿ ಬೆವರಿನ ಕಂದು ಗೆರೆ ಇರುತ್ತದೆ. ಜೇಬಿನ ಬುಡದಲ್ಲಿ ಬಾಲ್‌ಪೆನ್ನಿನ ನೀಲಿ, ಎದೆಯ ಮೇಲೆ ಸಾಂಬಾರಿನ ಹಳದಿ, ಬೆನ್ನಲ್ಲೋ ಮೊಣಕೈಯಲ್ಲೋ ಮೈದಾನದ ಕೆಮ್ಮಣ್ಣು. ಎಲ್ಲವನ್ನೂ ನಾವು ಕಲೆ ಎಂದೇ ಕರೆಯುತ್ತೇವೆ, ಆದರೆ ಇವುಗಳ ಜಾತಿ ಬೇರೆಬೇರೆ. ಕಾಲರಿನದು ಮೈಯ ಜಿಡ್ಡು. ಪೆನ್ನಿನದು ಎಣ್ಣೆಯಂಥ ದ್ರವದಲ್ಲಿ ಕಲಸಿದ ಬಣ್ಣ. ಸಾಂಬಾರಿನದು ಒಗ್ಗರಣೆಯ ಎಣ್ಣೆಯೊಂದಿಗೆ ಬಟ್ಟೆಗೆ ಇಳಿದ ಅರಿಶಿನ. ಕೆಮ್ಮಣ್ಣಿಗೆ ಕೆಂಪು ಬಂದಿರುವುದು ಅದರಲ್ಲಿರುವ ಕಬ್ಬಿಣದ ಆಕ್ಸೈಡಿನಿಂದ, ಅಂದರೆ ಹೆಚ್ಚುಕಡಿಮೆ ತುಕ್ಕಿನ ಪುಡಿಯಿಂದ.

ಬಹಳಷ್ಟು ಮನೆಗಳಲ್ಲಿ ಈ ನಾಲ್ಕಕ್ಕೂ ಒಂದೇ ಮದ್ದು: ಬಕೆಟ್ ನೀರು, ಒಂದು ಮುಚ್ಚಳ ಬ್ಲೀಚ್, ರಾತ್ರಿಯಿಡೀ ನೆನೆ. ಬೆಳಿಗ್ಗೆ ನೋಡಿದರೆ ಅರಿಶಿನ ಹೋಗಿರುತ್ತದೆ, ಪೆನ್ನಿನ ಗುರುತು ಅರ್ಧ ಉಳಿದಿರುತ್ತದೆ, ಕೆಮ್ಮಣ್ಣು ಇದ್ದಲ್ಲೇ ಇರುತ್ತದೆ. ಸಾಲದ್ದಕ್ಕೆ ಅಂಗಿ ಮೊದಲಿಗಿಂತ ಹಳದಿಯಾಗಿರುತ್ತದೆ. ಆಮೇಲೆ ನೀಲಿ ಹಾಕಿ ಆ ಹಳದಿಯನ್ನು ಮುಚ್ಚುವ ಕೆಲಸ.

ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವ ಬ್ಲೀಚ್ ಎಂದರೆ ಸೋಡಿಯಂ ಹೈಪೊಕ್ಲೋರೈಟ್ ಕರಗಿದ ನೀರು. ಅದು ಕೊಳೆಯನ್ನು ಬಟ್ಟೆಯಿಂದ ಕಿತ್ತು ತೆಗೆಯುವುದಿಲ್ಲ. ಬಣ್ಣದ ಅಣುವನ್ನು ಮುರಿಯುತ್ತದೆ, ಮುರಿದ ಅಣುವಿಗೆ ಬಣ್ಣ ಇರುವುದಿಲ್ಲ, ಅಷ್ಟೆ. ಹಾಗಾಗಿ ಅರಿಶಿನದಂಥ ಗಿಡಮೂಲದ ಬಣ್ಣದ ಮೇಲೆ ಅದರ ಕೈ ಜೋರು. ಆದರೆ ಕಾಲರಿನ ಜಿಡ್ಡನ್ನು ಅದು ಕರಗಿಸಲಾರದು. ಗೆರೆ ಸ್ವಲ್ಪ ತಿಳಿಯಾದ ಹಾಗೆ ಕಂಡರೂ ಜಿಡ್ಡು ನೂಲಿನಲ್ಲೇ ಕುಳಿತಿರುತ್ತದೆ, ಎರಡು ಒಗೆತ ಕಳೆಯುವುದರೊಳಗೆ ಮತ್ತೆ ಬಣ್ಣ ತಿರುಗುತ್ತದೆ. ಬೆವರಿನಲ್ಲಿ ಪ್ರೋಟೀನಿನ ಅಂಶವೂ ಇರುವುದರಿಂದ ಕ್ಲೋರಿನ್ ಅದರೊಡನೆ ಸೇರಿ ಕಂಕುಳು, ಕಾಲರುಗಳನ್ನು ಇನ್ನಷ್ಟು ಹಳದಿ ಮಾಡುವುದೂ ಉಂಟು.

ಕೆಮ್ಮಣ್ಣಿನ ಮಟ್ಟಿಗಂತೂ ಬ್ಲೀಚ್ ಪೂರ್ತಿ ದಂಡ. ಬ್ಲೀಚ್ ಮಾಡುವ ಕೆಲಸ ಆಕ್ಸಿಡೀಕರಣ, ಮಣ್ಣಿನ ಕಬ್ಬಿಣ ಆಗಲೇ ಆಕ್ಸಿಡೀಕರಣಗೊಂಡು ಕೆಂಪಾಗಿದೆ. ಅಲ್ಲಿ ಅದಕ್ಕೆ ಮಾಡಲು ಏನೂ ಉಳಿದಿಲ್ಲ. ಇನ್ನೊಂದು ತೊಂದರೆ ಬೋರ್‌ವೆಲ್ ನೀರಿನದು. ಕೆಲವು ಕಡೆ ಆ ನೀರಿನಲ್ಲಿ ಕರಗಿದ ಕಬ್ಬಿಣ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬ್ಲೀಚ್ ಬಿದ್ದ ತಕ್ಷಣ ಅದು ತುಕ್ಕಾಗಿ ಹೊರಬಂದು ಇಡೀ ಅಂಗಿಗೆ ತೆಳು ಕಂದು ಬಳಿಯುತ್ತದೆ. ನಿಮ್ಮ ನೀರು ಹೇಗಿದೆ ಎಂದು ತಿಳಿಯಲು ಒಂದು ಬಿಳಿ ಬೇಸಿನ್ನಿನಲ್ಲಿ ರಾತ್ರಿ ನೀರು ತುಂಬಿ ಇಡಿ. ಬೆಳಿಗ್ಗೆ ತಳದಲ್ಲಿ ಹಳದಿ ಗಸಿ ಕಂಡರೆ ಆ ನೀರಿಗೂ ಬ್ಲೀಚಿಗೂ ಆಗಿಬರುವುದಿಲ್ಲ. ಅಂಥ ಮನೆಯವರು ಬಿಳಿ ಬಟ್ಟೆಗೆ ಮಳೆನೀರು ಹಿಡಿದಿಟ್ಟುಕೊಳ್ಳುವುದೇ ವಾಸಿ.

ಬಟ್ಟೆಯನ್ನೂ ನೋಡಬೇಕು. ಯೂನಿಫಾರಂ ಅಂಗಿ ಸಾಮಾನ್ಯವಾಗಿ ಟೆರಿಕಾಟ್, ಅಂದರೆ ಪಾಲಿಯೆಸ್ಟರ್ ಮತ್ತು ಹತ್ತಿಯ ಬೆರಕೆ. ಹೊಸ ಅಂಗಿಯ ಆ ನೀಲಿ ಹೊಳಪಿನ ಬಿಳುಪು ನೂಲಿನ ಸ್ವಂತದ್ದಲ್ಲ, ಬೆಳಕನ್ನು ಮಿನುಗಿಸುವ ಒಂದು ಲೇಪದ್ದು. ಬ್ಲೀಚ್ ಆ ಲೇಪವನ್ನೂ ತಿನ್ನುತ್ತದೆ, ಹತ್ತಿಯ ಎಳೆಯನ್ನೂ ಸೊರಗಿಸುತ್ತದೆ. ಕಾಲುಚೀಲದ ಎಲಾಸ್ಟಿಕ್ ಸಡಿಲವಾಗುವುದಕ್ಕೂ ಜೇಬಿನ ಮೇಲೆ ಹೊಲಿದ ಶಾಲೆಯ ಲಾಂಛನದ ಬಣ್ಣ ಬಿಡುವುದಕ್ಕೂ ಎಷ್ಟೋ ಸಲ ಇದೇ ಕಾರಣ. ಅದಕ್ಕೇ ನನ್ನ ಲೆಕ್ಕದಲ್ಲಿ ಬ್ಲೀಚ್ ಮೊದಲು ಕೈಗೆತ್ತಿಕೊಳ್ಳುವ ವಸ್ತುವಲ್ಲ, ಬೇರೆಲ್ಲ ಮುಗಿದ ಮೇಲೆ ಕಪಾಟಿನಿಂದ ಇಳಿಸುವಂಥದ್ದು.

ಎರಡನೆಯದು ಆಕ್ಸಿಜನ್ ಪುಡಿ. ಪೊಟ್ಟಣದ ಹಿಂಭಾಗ ತಿರುಗಿಸಿ ಓದಿದರೆ ಸೋಡಿಯಂ ಪರ್ಕಾರ್ಬನೇಟ್ ಎಂಬ ಹೆಸರು ಸಿಗುತ್ತದೆ. ಇದು ಒಗೆಯುವ ಸೋಡಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಜೊತೆಗೂಡಿ ಹರಳಾದ ಪುಡಿ. ನೀರಿಗೆ ಬಿದ್ದಾಗ ಎರಡೂ ಬೇರೆಯಾಗುತ್ತವೆ. ಪೆರಾಕ್ಸೈಡ್ ಬಣ್ಣವನ್ನು ಮುರಿಯುತ್ತದೆ, ಸೋಡಾ ಜಿಡ್ಡನ್ನು ಸಡಿಲಿಸುತ್ತದೆ. ಬ್ಲೀಚಿನಷ್ಟು ಬಿರುಸಿಲ್ಲ, ಹಾಗಾಗಿ ಟೆರಿಕಾಟಿಗೆ ಹೊಂದುತ್ತದೆ, ಲಾಂಛನದ ದಾರವೂ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಆದರೂ ಮೊದಲ ಸಲ ಒಳಹೊಲಿಗೆಯ ಮೂಲೆಯಲ್ಲಿ ಪರೀಕ್ಷೆ ಮಾಡಿ.

ಈ ಪುಡಿ ಕೆಲಸಕ್ಕೆ ಬಾರದು ಎಂದು ದೂರುವವರಲ್ಲಿ ಬಹುಪಾಲು ಜನ ಅದನ್ನು ತಣ್ಣೀರಿಗೆ ಹಾಕಿ ಅರ್ಧ ಗಂಟೆಯಲ್ಲಿ ತೆಗೆದವರು. ಇದಕ್ಕೆ ಬೇಕಾದದ್ದು ಬಿಸಿ ಮತ್ತು ಹೊತ್ತು. ಒಂದು ಪಾಲು ಕುದಿಯುವ ನೀರಿಗೆ ಎರಡು ಪಾಲು ತಣ್ಣೀರು ಬೆರೆಸಿದರೆ ಸುಮಾರು 50 ಡಿಗ್ರಿ ಬಿಸಿ ಬರುತ್ತದೆ, ಅಷ್ಟು ಸಾಕು. ತಣ್ಣೀರೇ ಆದರೆ ರಾತ್ರಿಯಿಡೀ ಬಿಡಬೇಕು. ಕಲಸಿಟ್ಟ ನೀರನ್ನು ಮರುದಿನಕ್ಕೆ ಉಳಿಸಿ ಪ್ರಯೋಜನವಿಲ್ಲ, ಅಷ್ಟರಲ್ಲಿ ಅದು ಬರೀ ಸೋಡಾ ನೀರಾಗಿರುತ್ತದೆ. ಮುಚ್ಚಳ ಬಿಗಿದ ಬಾಟಲಿಯಲ್ಲಂತೂ ತುಂಬಿಡಲೇಬೇಡಿ. ಒಳಗೆ ಆಮ್ಲಜನಕ ಹುಟ್ಟುತ್ತಲೇ ಇರುತ್ತದೆ, ಬಾಟಲಿ ಉಬ್ಬಿ ಸಿಡಿಯಬಹುದು.

ಸ್ಟೇನ್ ಸ್ಟಿಕ್ ಎಂಬುದು ಗಟ್ಟಿ ಸೋಪಿನ ಕಡ್ಡಿ. ಎಣ್ಣೆಯನ್ನು ಎತ್ತುವ ಮಾರ್ಜಕ ಅದರಲ್ಲಿ ಹೆಚ್ಚಿರುತ್ತದೆ, ಹಲವು ಕಡ್ಡಿಗಳಲ್ಲಿ ಬೆವರು, ಹಾಲು, ರಕ್ತದ ಪ್ರೋಟೀನನ್ನು ತುಂಡರಿಸುವ ಕಿಣ್ವವೂ ಇರುತ್ತದೆ. ಬಣ್ಣ ತೆಗೆಯುವುದು ಇದರ ಕೆಲಸವಲ್ಲ. ಕಾಲರು, ತೋಳಿನ ಅಂಚು, ಎಣ್ಣೆಯ ಕಲೆ ಇವೇ ಇದರ ಸೀಮೆ. ಹತ್ತಿರದ ಅಂಗಡಿಯಲ್ಲಿ ಸಿಗದಿದ್ದರೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಜಿಡ್ಡಿನ ಮಟ್ಟಿಗೆ ಇದರ ಕೆಲಸವನ್ನೇ ಮಾಡುತ್ತದೆ.

ಈಗ ಆ ಶನಿವಾರದ ಅಂಗಿಗೆ ಬರೋಣ. ಹಸಿ ಕೆಸರಿದ್ದರೆ ಮುಟ್ಟಬೇಡಿ, ಒಣಗಲಿ. ಹಸಿಯಲ್ಲಿ ಉಜ್ಜಿದರೆ ಮಣ್ಣಿನ ಸಣ್ಣ ಕಣ ನೂಲಿನೊಳಗೆ ಇಳಿಯುತ್ತದೆ. ಒಣಗಿದ ಮೇಲೆ ಕೊಡವಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉದುರಿಸಿ.

ನೀರು ತಾಗಿಸುವ ಮೊದಲೇ ಪೆನ್ನಿನ ಕಲೆ ಮುಗಿಸಬೇಕು. ಬಟ್ಟೆಯ ಅಡಿಗೆ ಮಡಚಿದ ಹಳೆ ಬಟ್ಟೆಯಿಟ್ಟು ಕಲೆಯ ಹಿಂಬದಿಯಿಂದ ಸ್ಯಾನಿಟೈಸರ್ ಹಾಕಿ ಹತ್ತಿಯಿಂದ ಒತ್ತಿ. ಉಜ್ಜಿದರೆ ಹರಡುತ್ತದೆ. ಅದರಲ್ಲಿರುವ ಆಲ್ಕೋಹಾಲ್ ಬಾಲ್‌ಪೆನ್ನಿನ ಶಾಯಿಯನ್ನು ಕರಗಿಸಿ ಅಡಿಯ ಬಟ್ಟೆಗೆ ಇಳಿಸುತ್ತದೆ. ಆ ಬಟ್ಟೆಗೆ ನೀಲಿ ಹತ್ತಿದಂತೆಲ್ಲ ಜಾಗ ಬದಲಿಸುತ್ತಾ ಹೋಗಿ, ಹತ್ತುವುದು ನಿಂತರೆ ಕೆಲಸ ಮುಗಿದಂತೆ. ಜೆಲ್ ಪೆನ್ನಿನದಾದರೆ ಹೆಚ್ಚು ಆಸೆ ಬೇಡ. ಅದರ ಬಣ್ಣ ಬಹಳ ಸಲ ಕರಗದ ಸಣ್ಣ ಕಣಗಳ ರೂಪದಲ್ಲಿರುತ್ತದೆ, ಮಾಸುತ್ತದೆಯೇ ಹೊರತು ಪೂರ್ತಿ ಬಿಡುವುದು ಅಪರೂಪ.

ಆಮೇಲೆ ಕಾಲರು ಮತ್ತು ಸಾಂಬಾರಿನ ಕಲೆಯನ್ನು ಒದ್ದೆ ಮಾಡಿ ಸ್ಟಿಕ್ ತಿಕ್ಕಿ, ಹತ್ತು ಹದಿನೈದು ನಿಮಿಷ ಬಿಟ್ಟು ಮೆತ್ತನೆಯ ಬ್ರಷ್ ಆಡಿಸಿ ಜಾಲಿಸಿ. ಸಾಂಬಾರಿಗೂ ಮೊದಲು ಸ್ಟಿಕ್ ಏಕೆಂದರೆ ಅರಿಶಿನದ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಎಣ್ಣೆ ಹೊರಬಂದರೆ ಬಣ್ಣವೂ ಒಂದಿಷ್ಟು ಹಿಂದೆಯೇ ಬರುತ್ತದೆ. ಸೋಪು ತಾಗಿದ ಕೂಡಲೇ ಹಳದಿ ಕಲೆ ಕೆಂಪಾಗಿ ತಿರುಗಿದರೆ ಗಾಬರಿ ಬೇಡ. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವಾಗ ನಡೆಯುವುದೂ ಇದೇ, ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ. ಸೋಪು ಹೋದಂತೆ ಮತ್ತೆ ಹಳದಿಗೆ ಮರಳುತ್ತದೆ.

ಉಳಿದ ಬಣ್ಣಕ್ಕೆ ಆಕ್ಸಿಜನ್ ಪುಡಿ. ನಾಲ್ಕು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ, ಅಥವಾ ಪೊಟ್ಟಣದಲ್ಲಿ ಹೇಳಿದಷ್ಟು. ಪುಡಿ ಪೂರ್ತಿ ಕರಗಿದ ಮೇಲೆ ಅಂಗಿ ಮುಳುಗಿಸಿ ಎರಡು ಗಂಟೆ ಬಿಡಿ. ಇಲ್ಲಿ ಒಂದು ಎಚ್ಚರಿಕೆ: ಬೆಲ್ಟಿನ ಬಕಲ್ಲಿನಿಂದಲೋ ಹುಕ್ಕಿನಿಂದಲೋ ತುಕ್ಕಿನ ಚುಕ್ಕೆ ಹತ್ತಿದ್ದರೆ ನೆನೆಸುವ ಮೊದಲೇ ನಿಂಬೆರಸ, ಉಪ್ಪು ಹಚ್ಚಿ ತೆಗೆದು ಚೆನ್ನಾಗಿ ತೊಳೆದುಬಿಡಿ. ಕಬ್ಬಿಣ ಇದ್ದ ಜಾಗದಲ್ಲಿ ಪೆರಾಕ್ಸೈಡ್ ಮಿತಿಮೀರಿ ಕೆಲಸ ಮಾಡಿ ಬಟ್ಟೆಯನ್ನೇ ತಿಂದು ತೂತು ಮಾಡಬಲ್ಲದು. ಉದುರಿಸಿದ ಮೇಲೂ ಉಳಿದ ಕೆಮ್ಮಣ್ಣಿನ ಛಾಯೆಗೂ ಇದೇ ನಿಂಬೆಯ ಉಪಚಾರ. ಮಣ್ಣಿಗೆ ಈ ಮೂರರಲ್ಲಿ ಯಾವುದೂ ನಿಜವಾದ ಮದ್ದಲ್ಲ.

ನೆನೆಸಿ ಎಂದಿನಂತೆ ಒಗೆದು ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣಕ್ಕೆ ಬಿಸಿಲು ಆಗದು, ಒದ್ದೆ ಬಟ್ಟೆಯ ಮೇಲೆ ನೇರ ಬಿಸಿಲು ಬಿದ್ದರೆ ತಾನಾಗಿ ಮಾಸುತ್ತದೆ. ಸಂಜೆ ನೋಡಿದಾಗ ತೆಳು ಹಳದಿ ಉಳಿದಿದ್ದರೆ ಇಸ್ತ್ರಿ ಹಾಕಬೇಡಿ, ಎಣ್ಣೆಯ ಕಲೆ ಬಿಸಿಗೆ ಕಚ್ಚಿಕೊಳ್ಳುತ್ತದೆ. ಮತ್ತೆ ಒದ್ದೆ ಮಾಡಿ ಮರುದಿನ ಬಿಸಿಲಿಗೆ ಹಾಕಿ.

ಹಾಗಾದರೆ ಬ್ಲೀಚ್ ಯಾತಕ್ಕೆ? ಅಪ್ಪಟ ಹತ್ತಿಯ ಕರವಸ್ತ್ರಕ್ಕೆ, ಬನಿಯನ್ನಿಗೆ, ಜಿಡ್ಡು ಹೋದ ಮೇಲೂ ಹಟ ಹಿಡಿದು ಕುಳಿತ ಗಿಡದ ಬಣ್ಣಕ್ಕೆ. ಐದು ಲೀಟರ್ ತಣ್ಣೀರಿಗೆ ಸುಮಾರು 50 ಮಿ.ಲೀ. ಬೆರೆಸಿ, ಐದರಿಂದ ಹತ್ತು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಹತ್ತು ನಿಮಿಷದಲ್ಲಿ ಹೋಗದ ಕಲೆ ಹತ್ತು ಗಂಟೆಗೂ ಹೋಗುವುದು ಅನುಮಾನ, ನೂಲು ಮಾತ್ರ ಸವೆಯುತ್ತದೆ. ಬಾಟಲಿ ಹಳೆಯದಾದಷ್ಟೂ ಬಿಸಿಲು, ಸೆಕೆಗೆ ಸತ್ವ ಇಳಿಯುವುದರಿಂದ ಕೊಳ್ಳುವಾಗ ತಯಾರಿಸಿದ ತಿಂಗಳು ನೋಡಿ. ಆಕ್ಸಿಜನ್ ಪುಡಿಯ ಜೊತೆ ಸೇರಿಸಿದರೆ ಡಬಲ್ ಶಕ್ತಿ ಬರುತ್ತದೆ ಎಂದು ಕೆಲವರು ಎರಡನ್ನೂ ಒಟ್ಟಿಗೆ ಸುರಿಯುತ್ತಾರೆ. ಆಗುವುದು ತಿರುಗಾಮುರುಗಾ: ಒಂದನ್ನೊಂದು ಹೊಡೆದುಹಾಕಿ ಆಮ್ಲಜನಕ ಗಾಳಿಗೆ ಹೋಗುತ್ತದೆ, ಬಕೆಟ್ಟಿನಲ್ಲಿ ಉಳಿಯುವುದು ಉಪ್ಪುನೀರು. ಅದು ದುಡ್ಡಿನ ನಷ್ಟ ಮಾತ್ರ. ನಿಂಬೆರಸ, ವಿನೆಗರ್, ಬಚ್ಚಲು ತೊಳೆಯುವ ಆಸಿಡ್ ಇವುಗಳ ಜೊತೆ ಬ್ಲೀಚ್ ಬೆರೆತರೆ ಹೊರಡುವುದು ಕ್ಲೋರಿನ್ ವಿಷಾನಿಲ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಅದು ಉಸಿರನ್ನೇ ಕಟ್ಟಿಸುತ್ತದೆ. ತುಕ್ಕಿಗೆ ನಿಂಬೆ ಹಚ್ಚಿದ ಅಂಗಿಯನ್ನು ಆ ದಿನ ಬ್ಲೀಚಿನ ಹತ್ತಿರಕ್ಕೂ ತರಬೇಡಿ.