ಬಿಲ್ಲಿಗಿಂತ ಮೀಟರ್ ಮುಂದಿರಬೇಕು

ಕರೆಂಟ್ ಬಿಲ್ ಕೈಗೆ ಬಂದ ತಕ್ಷಣ ನಮ್ಮ ಕಣ್ಣು ಹೋಗುವುದು ಕೆಳಗಿನ ಮೊತ್ತದ ಮೇಲೆ. ಆದರೆ ತಪ್ಪು ಹುಟ್ಟುವ ಜಾಗ ಮೇಲಿದೆ. ಅಲ್ಲಿ ಹಿಂದಿನ ರೀಡಿಂಗ್, ಈಗಿನ ರೀಡಿಂಗ್ ಮತ್ತು ಅವೆರಡರ ತಾರೀಖು ಇರುತ್ತವೆ. ಅವು ಸರಿಯಿಲ್ಲದಿದ್ದರೆ ಕೆಳಗಿನ ಲೆಕ್ಕವನ್ನು ಯಂತ್ರ ಎಷ್ಟು ಕರಾರುವಾಕ್ಕಾಗಿ ಮಾಡಿದರೂ ಬಿಲ್ ತಪ್ಪೇ.

ಹಾಗಾಗಿ ಬಿಲ್ಲನ್ನು ಹಿಡಿದು ನೇರ ಮೀಟರ್ ಹತ್ತಿರ ಹೋಗಿ. ಡಿಜಿಟಲ್ ಮೀಟರಿನ ಪರದೆಯಲ್ಲಿ ತಾರೀಖು, ಗಂಟೆ, ವೋಲ್ಟೇಜ್ ಎಲ್ಲ ಒಂದಾದ ಮೇಲೊಂದು ಬರುತ್ತವೆ. ಪಕ್ಕದಲ್ಲಿ kWh ಎಂದು ಕಾಣುವ ಅಂಕಿ ಬರುವವರೆಗೆ ಕಾಯಿರಿ. ನಾವು ಯೂನಿಟ್ ಎನ್ನುವುದು ಅದನ್ನೇ. ಮೊದಲು ಎರಡು ಸಂಗತಿ ನೋಡಿ. ಈ ಬಿಲ್ಲಿನ ಹಿಂದಿನ ರೀಡಿಂಗ್ ಹೋದ ತಿಂಗಳ ಬಿಲ್ಲಿನ ಈಗಿನ ರೀಡಿಂಗ್‌ಗೆ ಅಂಕಿ ಬಿಡದೆ ಹೊಂದಬೇಕು. ಇನ್ನೊಂದು, ಮೀಟರಿನ ಅಂಕಿ ಬಿಲ್ಲಿನ ಅಂಕಿಗಿಂತ ಸ್ವಲ್ಪ ಮುಂದಿರಬೇಕು. ರೀಡಿಂಗ್ ತೆಗೆದ ಮೇಲೂ ಮನೆಯಲ್ಲಿ ಕರೆಂಟ್ ಉರಿದಿದೆಯಲ್ಲ! ಬಿಲ್ಲಿನಲ್ಲಿ 4,510 ಇದ್ದು ಮೀಟರ್ ಇನ್ನೂ 4,470ರಲ್ಲಿದ್ದರೆ ಬೇರೆ ಸಾಕ್ಷಿ ಬೇಡ. ಯಾರೋ ಅಂದಾಜಿನಲ್ಲಿ ಬರೆದಿದ್ದಾರೆ, ಇಲ್ಲವೇ ಅಂಕಿ ಓದುವಾಗ ಕಣ್ಣು ತಪ್ಪಿದೆ.

ಹೀಗೆ ನೇರವಾಗಿ ಸಿಗುವ ತಪ್ಪಿಗಿಂತ ಕಣ್ತಪ್ಪಿಸಿ ನುಸುಳುವ ತಪ್ಪು ಇನ್ನೊಂದಿದೆ. ಅದು ಬರುವುದು ‘ಡೋರ್ ಲಾಕ್’ ತಿಂಗಳಿನಿಂದ. ಗೇಟಿಗೆ ಬೀಗವಿದ್ದರೆ ಮೀಟರ್ ರೀಡರ್ ಒಳಗೆ ಬರಲಾಗದೆ ಹಿಂದಿನ ತಿಂಗಳುಗಳ ಸರಾಸರಿ ಹಾಕಿ ಬಿಲ್ ಕೊಡುತ್ತಾರೆ. ಮುಂದಿನ ತಿಂಗಳು ನಿಜವಾದ ರೀಡಿಂಗ್ ಸಿಕ್ಕಾಗ, ಸರಾಸರಿಯಲ್ಲಿ ಬಿಟ್ಟುಹೋದ ಯೂನಿಟ್‌ಗಳೆಲ್ಲ ಆ ಒಂದೇ ತಿಂಗಳ ತಲೆಗೆ ಬೀಳಬಹುದು. ಯೂನಿಟ್‌ಗೆ ಒಂದೇ ದರವಿದ್ದರೆ ಇದರಿಂದ ನಷ್ಟವಿಲ್ಲ, ಈ ತಿಂಗಳು ಕಡಿಮೆ ಕಟ್ಟಿದ್ದನ್ನು ಮುಂದಿನ ತಿಂಗಳು ಕಟ್ಟುತ್ತೇವೆ, ಅಷ್ಟೆ. ಆದರೆ ಮಿತಿ ದಾಟಿದರೆ ದರವೇ ಬದಲಾಗುವ ಸ್ಲ್ಯಾಬ್ ಪದ್ಧತಿಯಲ್ಲಿ ಹಾಗಲ್ಲ.

2023ರ ದರಪಟ್ಟಿಯನ್ನು ನೆನಪಿಸಿಕೊಳ್ಳಿ. ಕರ್ನಾಟಕದಲ್ಲಿ ಆಗ ಮನೆ ಬಳಕೆಗೆ 100 ಯೂನಿಟ್‌ವರೆಗೆ 4.75 ರೂಪಾಯಿ ಇತ್ತು. ನೂರು ದಾಟಿದರೆ ಮೊದಲ ಯೂನಿಟ್‌ನಿಂದಲೇ ಎಲ್ಲದಕ್ಕೂ 7 ರೂಪಾಯಿ. ನೂರು ಯೂನಿಟ್‌ಗೆ 475 ಆಗುತ್ತಿದ್ದ ಶುಲ್ಕ ನೂರಾ ಒಂದಕ್ಕೆ 707 ಆಗುತ್ತಿತ್ತು. ಅದಕ್ಕೂ ಹಿಂದಿನ ಪದ್ಧತಿಯಲ್ಲಿ ಮಿತಿ ದಾಟಿದ ಯೂನಿಟ್‌ಗಳಿಗೆ ಮಾತ್ರ ಹೆಚ್ಚು ದರವಿತ್ತು. ಆದ್ದರಿಂದ ಹಳೆಯ ಬಿಲ್ ಪರಿಶೀಲಿಸುವವರು ಅದು ಯಾವ ಕಾಲದ್ದು ಎಂದು ಮೊದಲು ನೋಡಬೇಕು.

2024ರ ಏಪ್ರಿಲ್‌ನಿಂದ ಮನೆ ಬಳಕೆಗೆ ಸ್ಲ್ಯಾಬ್ ಹೋಗಿ ಒಂದೇ ದರ ಬಂತು. ಹಾಗೆಂದು ಮಿತಿಯ ಗೆರೆ ಅಳಿಸಿಹೋಗಲಿಲ್ಲ, ಗೃಹಜ್ಯೋತಿಯಲ್ಲಿ ಅದು ಇನ್ನೂ ದೊಡ್ಡದಾಗಿ ಕೂತಿದೆ. 2022-23ರ ನಿಮ್ಮ ತಿಂಗಳ ಸರಾಸರಿಗೆ ಶೇ 10 ಸೇರಿಸಿದರೆ ಬರುವುದು ನಿಮ್ಮ ಅರ್ಹ ಯೂನಿಟ್. ತೀರಾ ಕಡಿಮೆ ಬಳಸುವ ಮನೆಗಳಿಗೆ ಆಮೇಲೆ ಶೇಕಡಾವಾರು ಬದಲು 10 ಯೂನಿಟ್ ಸೇರಿಸಲಾಯಿತು. ಅರ್ಹ ಯೂನಿಟ್‌ನ ಒಳಗಿದ್ದರೆ ಶೂನ್ಯ ಬಿಲ್. ಅದನ್ನು ದಾಟಿಯೂ 200ರ ಒಳಗಿದ್ದರೆ ಹೆಚ್ಚುವರಿಗೆ ಮಾತ್ರ ದುಡ್ಡು. ಇನ್ನೂರು ದಾಟಿದರೆ ಪೂರ್ತಿ ಬಿಲ್ ನಿಮ್ಮದೇ.

ಈಗ ಉದಾಹರಣೆಗೆ ಒಂದು ಮನೆಯ ಲೆಕ್ಕ ಮಾಡೋಣ. 2 ಕಿಲೋವಾಟ್ ಸಂಪರ್ಕ, ಹಳೆಯ ಸರಾಸರಿ 140, ಅರ್ಹತೆ 154 ಯೂನಿಟ್. ಮೊದಲ ತಿಂಗಳ ಕೊನೆಗೆ ನಿಜವಾದ ರೀಡಿಂಗ್ 4,210. ಎರಡನೇ ತಿಂಗಳು ರೀಡರ್ ಬಂದಾಗ ಗೇಟಿಗೆ ಬೀಗ. ಹಿಂದಿನ ತಿಂಗಳುಗಳಲ್ಲಿ ಮನೆಯವರು ಹೆಚ್ಚು ದಿನ ಊರಲ್ಲಿದ್ದದ್ದರಿಂದ ಸರಾಸರಿ 80 ಯೂನಿಟ್ ಬಂತು. ಬಿಲ್ಲಿನಲ್ಲಿ ರೀಡಿಂಗ್ 4,290 ಆಯಿತು. ಮೂರನೇ ತಿಂಗಳು ಮೀಟರ್ ನೋಡಿದಾಗ 4,510. ಕಳೆದರೆ 220. ಇನ್ನೂರು ದಾಟಿತು!

2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರದಲ್ಲಿ ಇದರ ಮೊತ್ತ ನೋಡಿ. ಯೂನಿಟ್‌ಗೆ 5.80ರಂತೆ 1,276 ರೂಪಾಯಿ. ಕಿಲೋವಾಟ್‌ಗೆ 145ರಂತೆ ನಿಗದಿತ ಶುಲ್ಕ 290. ಪಿಂಚಣಿ-ಗ್ರಾಚ್ಯುಟಿ ಬಾಬ್ತು ಯೂನಿಟ್‌ಗೆ 36 ಪೈಸೆಯಂತೆ 79.20. ವಿದ್ಯುತ್ ಶುಲ್ಕದ ಮೇಲೆ ಶೇ 9 ತೆರಿಗೆ 114.84. ಒಟ್ಟು 1,760 ರೂಪಾಯಿ. ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಗೊಂದು ತೆರನಾಗಿರುವುದರಿಂದ ಅದನ್ನು ಇಲ್ಲಿ ಸೇರಿಸಿಲ್ಲ.

ಗುಣಿಸಿದ್ದರಲ್ಲಿ, ಕೂಡಿದ್ದರಲ್ಲಿ ಎಲ್ಲೂ ತಪ್ಪಿಲ್ಲ. ತಪ್ಪಿರುವುದು 220ರಲ್ಲಿ. ನಿಜವಾದ ಎರಡು ರೀಡಿಂಗ್‌ಗಳನ್ನಷ್ಟೇ ಹಿಡಿದರೆ 4,510ರಲ್ಲಿ 4,210 ಕಳೆದು 300 ಯೂನಿಟ್. ಅದು ಎರಡು ತಿಂಗಳದ್ದು, ತಿಂಗಳಿಗೆ 150. ಎರಡೂ ತಿಂಗಳು 154ರ ಒಳಗೇ ಇವೆ. ಓದಲಾಗದ ತಿಂಗಳುಗಳ ಬಳಕೆಯನ್ನು ಆ ತಿಂಗಳುಗಳ ಸಂಖ್ಯೆಯಿಂದ ಭಾಗಿಸಿ ಹಂಚುವುದೇ ಸರಿಯಾದ ಕ್ರಮ. ನೀವು ಕೇಳಬೇಕಾದದ್ದೂ ಅದನ್ನೇ.

ರೀಡರ್ ತಡವಾಗಿ ಬಂದರೂ ಇದೇ ಪಾಡು. ದಿನಕ್ಕೆ 6 ಯೂನಿಟ್ ಬಳಸುವ ಮನೆಗೆ 30 ದಿನಕ್ಕೆ 180, 35 ದಿನಕ್ಕೆ 210. ಆದ್ದರಿಂದ ಯೂನಿಟ್ ನೋಡುವ ಮೊದಲು ತಾರೀಖುಗಳ ನಡುವಿನ ದಿನ ಎಣಿಸಿ, ದಿನದ ಲೆಕ್ಕಕ್ಕೆ ಇಳಿಸಿ. ಹಿಂದಿನ ತಿಂಗಳು ದಿನಕ್ಕೆ ಆರು, ಈ ತಿಂಗಳೂ ಆರು ಎಂದಾದರೆ ನಿಮ್ಮ ಬಳಕೆ ಏರಿಲ್ಲ, ದಿನಗಳು ಮಾತ್ರ ಹೆಚ್ಚಾಗಿವೆ.

ರೀಡಿಂಗ್ ಸರಿ, ದಿನ ಸರಿ, ದಿನದ ಬಳಕೆ ಮಾತ್ರ ಏರಿದೆಯೇ? ಹೊಸ ಗೀಸರ್, ಬೇಸಿಗೆಯ ಎ.ಸಿ. ಹೀಗೆ ಕಾರಣ ಮನೆಯೊಳಗೇ ಇರಬಹುದು. ಏನೂ ಹೊಳೆಯದಿದ್ದರೆ ಮೀಟರನ್ನೇ ಪರೀಕ್ಷಿಸಿ. ಮೀಟರಿನ ಮುಖದ ಮೇಲೆ 3200 imp/kWh ಎಂಬಂತೆ ಒಂದು ಸಂಖ್ಯೆ ಇರುತ್ತದೆ. ಅಲ್ಲಿನ ಪುಟ್ಟ ಕೆಂಪು ದೀಪ 3,200 ಸಲ ಮಿನುಗಿದರೆ ಒಂದು ಯೂನಿಟ್. ಬೇರೆಲ್ಲವನ್ನೂ ಆಫ್ ಮಾಡಿ 2,000 ವಾಟ್‌ನ ಗೀಸರ್ ಒಂದನ್ನೇ ಹಾಕಿದರೆ ನಿಮಿಷಕ್ಕೆ ಸುಮಾರು 107 ಸಲ ಮಿನುಗಬೇಕು. ವೋಲ್ಟೇಜ್ ಏರಿಳಿತಕ್ಕೆ ಸ್ವಲ್ಪ ವ್ಯತ್ಯಾಸ ಸಹಜ. ನೂರೈವತ್ತು ಕಂಡರೆ ಅನುಮಾನಕ್ಕೆ ಕಾರಣವಿದೆ. ಮನೆಯ ಮೇನ್ ಸ್ವಿಚ್ ಇಳಿಸಿದ ಮೇಲೂ ದೀಪ ಮಿನುಗುತ್ತಲೇ ಇದ್ದರೆ ಬೇರೆಲ್ಲಿಗೋ ಕರೆಂಟ್ ಹೋಗುತ್ತಿದೆ. ಎಲೆಕ್ಟ್ರಿಷಿಯನ್ ಕರೆಸಿ, ನೀವೇ ಬಿಚ್ಚಬೇಡಿ.

ತಪ್ಪು ಸಿಕ್ಕಿತೆಂದುಕೊಳ್ಳಿ. 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಜೊತೆಗೆ ಉಪವಿಭಾಗ ಕಚೇರಿಗೆ ಬರಹದಲ್ಲಿ ಕೊಡಿ. ಬಿಲ್‌ಗಳ ನಕಲು, ಮೀಟರ್ ಸಂಖ್ಯೆ ಕಾಣುವ ಫೋಟೊ, ನಿಮ್ಮ ಲೆಕ್ಕದ ನಾಲ್ಕು ಸಾಲು ಸಾಕು. 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದ ಪ್ರಕಾರ ಒಂದು ಆರ್ಥಿಕ ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ಅಂದಾಜು ಬಿಲ್ ಕೊಡುವಂತಿಲ್ಲ. ಮೀಟರ್ ಮೇಲೆ ದೂರಿದ್ದರೆ, 2024ರ ತಿದ್ದುಪಡಿಯಂತೆ ಐದು ದಿನದೊಳಗೆ ಪಕ್ಕದಲ್ಲಿ ಇನ್ನೊಂದು ಮೀಟರ್ ಹಾಕಿ ತಾಳೆ ನೋಡಬೇಕು. ‘ಮೊದಲು ಕಟ್ಟಿ, ಆಮೇಲೆ ನೋಡೋಣ’ ಎಂದರೆ, ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ನೆನಪಿಸಿ. ಕೇಳಿದ ಮೊತ್ತ ಮತ್ತು ಕಳೆದ ಆರು ತಿಂಗಳ ಸರಾಸರಿ, ಇವೆರಡರಲ್ಲಿ ಕಡಿಮೆಯಾದದ್ದನ್ನು ಆಕ್ಷೇಪಣೆಯೊಂದಿಗೆ ಕಟ್ಟಿದರೆ ವ್ಯಾಜ್ಯ ತೀರುವವರೆಗೆ ಸಂಪರ್ಕ ಕಡಿತ ಮಾಡುವಂತಿಲ್ಲ. ಅಲ್ಲೂ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯಿದೆ.

ಇದೆಲ್ಲಕ್ಕೂ ಬೇಕಾದ ದಾಖಲೆ ಒಂದೇ: ನೀವೇ ಬರೆದಿಟ್ಟ ರೀಡಿಂಗ್. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿ, ಪ್ರತಿ ತಿಂಗಳು ಬಿಲ್ ಬಂದ ದಿನದ ಚೌಕದಲ್ಲಿ ಮೀಟರಿನ ಅಂಕಿಯನ್ನೂ ಬರೆಯಿರಿ. ಊರಿಗೆ ಹೋಗುವ ದಿನ, ಗೇಟಿಗೆ ಬೀಗ ಹಾಕುವ ಮೊದಲು, ತಪ್ಪದೇ ಬರೆಯಿರಿ.