ಕಾಕುವಿನ ಜುಣಕ ಫ್ರೆಂಚ್ ಮಾತಾಡಿದ ಕಥೆ

ಕರಾವಳಿ ಬಿಟ್ಟು ವ್ಯಾಪಾರಕ್ಕೆಂದು ನಿಪ್ಪಾಣಿಗೆ ಬಂದವರು ನಾವು. ಇಲ್ಲಿಗೆ ಬಂದ ಮೇಲೆ ನಮ್ಮ ಅಡುಗೆಮನೆಯೂ ಸ್ವಲ್ಪ ಬದಲಾಯಿತು. ಮೀನಿನ ಸಾರು, ಅಕ್ಕಿ ರೊಟ್ಟಿಯ ಜೊತೆಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಜುಣಕ ಎಲ್ಲ ಒಳಗೆ ಬಂದವು. ಜುಣಕ ಕಲಿಸಿದ್ದು ಪಕ್ಕದ ಮನೆಯ ಕಾಕು. ತವರು ರಾಯಬಾಗ, ಅಥಣಿಯಲ್ಲಿ ಬಳಗ. ಚಿಕ್ಕೋಡಿಯಿಂದ ಕಾಗವಾಡದವರೆಗೆ ಈ ಕಡೆಯ ಮನೆಗಳಲ್ಲಿ ತರಕಾರಿ ಇಲ್ಲದ ದಿನ ಒಲೆಗೆ ಏರುವುದು ಇದೇ. ಕಡಲೆ ಹಿಟ್ಟು, ಉಳ್ಳಾಗಡ್ಡಿ, ನೀರು ಇದ್ದರೆ ಸಾಕು, ಊಟ ಆಯಿತು.

ಕಾಲೇಜಿನಲ್ಲಿ ಎರಡನೇ ಭಾಷೆಯಾಗಿ ಫ್ರೆಂಚ್ ತೆಗೆದುಕೊಂಡಿರುವ ಮಗಳಿಗೆ ಒಂದು ಕೆಲಸ ಕೊಟ್ಟಿದ್ದರು. ಭಾರತದ ಒಂದು ಸರಳ ಅಡುಗೆಯನ್ನು, ಫ್ರೆಂಚ್ ಕಲಿಯುತ್ತಿರುವ ಇತರರಿಗೆ ಅರ್ಥವಾಗುವಂತೆ, ಎರಡು ನಿಮಿಷದ ಒಳಗಿನ ವಿಡಿಯೊದಲ್ಲಿ ಹೇಳಬೇಕು. ಮೊದಲು ಮಾತುಗಳನ್ನು ಬರೆದು ತೋರಿಸಬೇಕು, ಆಮೇಲೆ ಚಿತ್ರ. ಅವಳು ಜುಣಕವನ್ನೇ ಆರಿಸಿದಳು. ಅದರ ಅಂಕ ಕೊನೆಯ ಪರೀಕ್ಷೆಗೆ ಸೇರುವುದು ಒಂದು ಚಿಂತೆ. ಅದಕ್ಕಿಂತ ದೊಡ್ಡ ಚಿಂತೆ, ಕಾಕುವಿನ ಕೈಯನ್ನು ಕ್ಯಾಮೆರಾ ಮುಂದೆ ತರುತ್ತೇವೆಂದು ಮಾತು ಕೊಟ್ಟಾಗಿತ್ತು.

ಮೊದಲ ಬರಹ ಕೆಂಪು ಗೆರೆ ತುಂಬಿಕೊಂಡು ವಾಪಸ್ ಬಂತು. ಅವಳು ಮಾಡಿದ್ದು ನಾವೆಲ್ಲ ಮಾಡುವುದನ್ನೇ. ಮನೆಯ ಅಡುಗೆಯನ್ನು ಮೊದಲು ಇಂಗ್ಲಿಷಿಗೆ, ಅಲ್ಲಿಂದ ಫ್ರೆಂಚಿಗೆ ದಾಟಿಸಿದ್ದಳು. ದಾಟುವಾಗ ಮೂರು ಕಡೆ ಕಾಲು ಜಾರಿತ್ತು.

ಇಂಗ್ಲಿಷಿನಲ್ಲಿ ಕಡಲೆ ಹಿಟ್ಟನ್ನು 'ಗ್ರಾಮ್ ಫ್ಲೋರ್' ಅನ್ನುತ್ತಾರೆ. ಅದನ್ನು ಅವಳು ಹಾಗೇ ಎತ್ತಿಕೊಂಡಿದ್ದಳು. ಫ್ರೆಂಚಿನಲ್ಲಿ 'ಗ್ರಾಮ್' ಅಂದರೆ ತೂಕದ ಗ್ರಾಂ ಮಾತ್ರ. ಹಿಟ್ಟಿಗೆ ಅವರ ಹೆಸರು 'ಫಾರೀನ್ ದ ಪ್ವಾ ಶೀಶ್', ಅಂದರೆ ಕಡಲೆಯ ಹಿಟ್ಟು. ಎರಡನೆಯದು ಮೆಣಸಿನಕಾಯಿ. ಅದಕ್ಕೆ 'ಪ್ವಾವ್ರ್' ಎಂದು ಬರೆದಿದ್ದಳು. ಅದು ಕಾಳುಮೆಣಸು. 'ಪ್ವಾವ್ರೋಂ' ಅಂದರೆ ದೊಣ್ಣೆಮೆಣಸಿನಕಾಯಿ. ನಮಗೆ ಬೇಕಾದ ಹಸಿಮೆಣಸಿನಕಾಯಿ 'ಪಿಮಾಂ ವೇರ್'. ಮೊದಲ ಎರಡರಲ್ಲಿ ಯಾವುದನ್ನು ಹಾಕಿದರೂ ಜುಣಕ ಆಗುತ್ತದೆ, ಆದರೆ ಕಾಕುವಿನ ಜುಣಕ ಆಗುವುದಿಲ್ಲ.

ನಮಗೆಲ್ಲ ನಗು ಬಂದದ್ದು ಮೂರನೆಯದಕ್ಕೆ. ಕೊನೆಯ ಸಾಲಲ್ಲಿ 'ರೋಟಿ ಜೊತೆ ತಿನ್ನಿ' ಎಂದಿತ್ತು. ಫ್ರೆಂಚಿನವರ ಕಿವಿಗೆ 'ರೋತೀ' ಅಂದರೆ ಒಲೆಯಲ್ಲಿ ಬೇಯಿಸಿದ ಮಾಂಸದ ದೊಡ್ಡ ತುಂಡು. ಬರೆಯುವಾಗ ಅವರು 'ಒ' ಅಕ್ಷರದ ಮೇಲೆ ಪುಟ್ಟ ಟೋಪಿಯಂಥ ಗುರುತು ಹಾಕುತ್ತಾರೆ, ಕೇಳುವವರಿಗೆ ಆ ಟೋಪಿ ಕಾಣುವುದಿಲ್ಲವಲ್ಲ! ಸೊಪ್ಪು ಬೇಳೆ ತಿನ್ನುವ ಕಾಕುವಿಗೆ ಇದನ್ನು ಹೇಳಿದಾಗ, "ಅಯ್ಯ ಶಿವನೇ, ನನ್ನ ರೊಟ್ಟಿ ತಗೊಂಡು ಅದನ್ಯಾಕ ಮಾಡಿದ್ರವ್ವಾ" ಎಂದು ಬಾಯಿಗೆ ಸೆರಗು ಹಿಡಿದರು. ಜೋಳದ ರೊಟ್ಟಿಗೆ ಕೊನೆಗೆ ಸಿಕ್ಕ ಮಾತು 'ಗಾಲೆತ್ ದ ಸೋರ್ಗೋ'. ಗಾಲೆತ್ ಅಂದರೆ ಚಪ್ಪಟೆಯಾಗಿ ದುಂಡಗೆ ಮಾಡಿದ್ದು, ಸೋರ್ಗೋ ಅಂದರೆ ಜೋಳ.

ಎರಡನೇ ಸಲ ಬರೆಯುವಾಗ ಪುಸ್ತಕ ಮುಚ್ಚಿಟ್ಟು ಕಾಕುವಿನ ಅಡುಗೆಮನೆಯಲ್ಲಿ ಕೂತೆವು. ಅವರು ಮಾಡುತ್ತಾ ಹೋದರು, ಕೈ ಏನು ಮಾಡಿತೋ ಅಷ್ಟನ್ನು ಮಾತ್ರ ಮಗಳು ಬರೆದುಕೊಂಡಳು. ಒಂದು ಕೈಕೆಲಸಕ್ಕೆ ಒಂದು ಸಾಲು. ಆಗ ಗೊತ್ತಾದ ಸಂಗತಿ, 'ಒಗ್ಗರಣೆ' ಎಂಬುದಕ್ಕೆ ಫ್ರೆಂಚ್ ಮನೆಗಳಲ್ಲಿ ಬಳಕೆಯ ಮಾತೇ ಇಲ್ಲ. ಹುಡುಕುತ್ತಾ ಕೂತರೆ ದಿನ ಹೋಗುತ್ತದೆ. ಎಣ್ಣೆ ಕಾಯಿಸುತ್ತೇವೆ, ಸಾಸಿವೆ ಹಾಕುತ್ತೇವೆ, ಅದು ಸಿಡಿಯುತ್ತದೆ ಎಂದು ಬಿಡಿಸಿ ಹೇಳಿದರೆ ಮುಗಿಯಿತು. ನೋಡುವವರಿಗೆ ಹೆಸರು ಬೇಕಾಗಿಲ್ಲ, ಸಿಡಿಯುವುದು ಕಂಡರೆ ಸಾಕು.

ಕ್ರಿಯಾಪದದ ಪ್ರಶ್ನೆಯನ್ನು ಕಾಕುವಿನ ಮಾತೇ ಬಗೆಹರಿಸಿತು. ಫ್ರೆಂಚ್ ಅಡುಗೆ ಪುಸ್ತಕಗಳಲ್ಲಿ ಒಂದೋ 'ಹಾಕುವುದು, ತಿರುವುವುದು' ಎಂಬಂಥ ರೂಪ ಇರುತ್ತದೆ, ಇಲ್ಲವೇ 'ಹಾಕಿರಿ, ತಿರುವಿರಿ' ಎಂಬ ರೂಪ. ಕಾಕು ಮಾತ್ರ ನಮ್ಮನ್ನೂ ಸೇರಿಸಿಕೊಂಡು, "ಈಗ ಉಳ್ಳಾಗಡ್ಡಿ ಹಾಕ್ತೀವಿ, ಈಗ ತಿರುವ್ತೀವಿ" ಎನ್ನುತ್ತಿದ್ದರು. ಇದಕ್ಕೆ ಸರಿಸಮ ಫ್ರೆಂಚಿನ 'ಓಂ'. ಆಡುಮಾತಿನಲ್ಲಿ 'ನಾವು' ಅನ್ನಲು ಇದನ್ನೇ ಬಳಸುತ್ತಾರೆ. ಹಾಕ್ತೀವಿ ಅಂದರೆ 'ಓಂ ನಾಜೂತ್', ತಿರುವ್ತೀವಿ ಅಂದರೆ 'ಓಂ ರಮ್ಯು'. ಹೊಸದಾಗಿ ಕಲಿಯುವವರಿಗೆ ಇದರಲ್ಲಿ ಒಂದು ಅನುಕೂಲವೂ ಇದೆ. ಇಡೀ ವಿಡಿಯೊದಲ್ಲಿ ಕ್ರಿಯಾಪದ ಒಂದೇ ರೂಪದಲ್ಲಿ ಇರುತ್ತದೆ. ಆದರೆ ಹೇಳುವಾಗ ಈ 'ಓಂ' ಕೊನೆಗೆ ತುಟಿ ಮುಚ್ಚಬಾರದು, ಸ್ವರ ಮೂಗಿನಲ್ಲೇ ನಿಲ್ಲಬೇಕು.

ಅಳತೆಯಲ್ಲೂ ಒಂದು ಗಂಟು ಇತ್ತು. ಎಣಿಸಿ ಹೇಳದ ವಸ್ತುವಿಗೆ ಫ್ರೆಂಚಿನಲ್ಲಿ 'ಒಂದಿಷ್ಟು' ಎಂಬ ಅರ್ಥದ ಮಾತು ಮುಂದೆ ಬರಲೇಬೇಕು. ಉಪ್ಪು ಅಂದರೆ 'ದ್ಯು ಸೆಲ್', ಎಣ್ಣೆ ಅಂದರೆ 'ದ ಲ್ವೀಲ್'. ಅಳತೆ ಹೇಳಿದ ಕೂಡಲೇ ಅದು ಬರೀ 'ದ' ಆಗುತ್ತದೆ. ಒಂದು ಚಮಚ ಉಪ್ಪು, 'ಯುನ್ ಕ್ವಿಯೇರ್ ದ ಸೆಲ್'. ಮಗಳು ಇಲ್ಲೂ 'ದ್ಯು' ಬರೆದಿದ್ದಳು, ಕೆಂಪು ಗೆರೆಯಲ್ಲಿ ಅರ್ಧ ಇದಕ್ಕೇ ಬಿದ್ದಿತ್ತು.

ನಿಜವಾದ ಜಗಳ ಮುಂದೆ ಬಂತು. ಹಿಟ್ಟು ಗಂಟುಕಟ್ಟುತ್ತದೆಂಬ ಹೆದರಿಕೆಯಿಂದ ಮಗಳು, ಹಿಟ್ಟನ್ನು ಮೊದಲೇ ತಣ್ಣೀರಿನಲ್ಲಿ ಕಲಸಿ ಬಾಣಲೆಗೆ ಸುರಿಯುವುದೆಂದು ಬರೆದಿದ್ದಳು. ಹೇಳಲು ಸುಲಭ, ಮಾಡಲೂ ಸುಲಭ. ಕಾಕು ಒಪ್ಪಲಿಲ್ಲ. "ಅದು ಪಿಠಲಾ ಆಕ್ಕೈತವ್ವಾ, ಜುಣಕ ಅಲ್ಲ. ಹೆಸರ ಜುಣಕ ಅಂತ ಇಟ್ಟು ಪಿಠಲಾ ತೋರಸಬ್ಯಾಡ್ರಿ." ಕಲಸಿ ಸುರಿದರೆ ಅದು ನುಣ್ಣಗೆ, ತೆಳ್ಳಗೆ ಆಗುತ್ತದೆ. ಕುದಿಯುವ ನೀರಿಗೆ ಒಣ ಹಿಟ್ಟು ಉದುರಿಸಿದರೆ ಮಾತ್ರ ಅವರ ಕೈಯ ಉದುರು ಉದುರಾದ ಜುಣಕ. ಆದರೆ ಕಷ್ಟ ಇರುವುದೂ ಅಲ್ಲೇ. ಒಮ್ಮೆಗೇ ಹಿಟ್ಟು ಬಿದ್ದರೆ ಉಂಡೆಯ ಹೊರಮೈ ಬಿಸಿನೀರಿಗೆ ತಕ್ಷಣ ಬೆಂದು ಅಂಟಾಗಿ ಮುಚ್ಚಿಕೊಳ್ಳುತ್ತದೆ, ನೀರು ಒಳಗೆ ಹೋಗುವುದಿಲ್ಲ, ಒಳಗಿನ ಹಿಟ್ಟು ಹಸಿಯಾಗಿಯೇ ಉಳಿಯುತ್ತದೆ. ಸೌಟಿನಲ್ಲಿ ಉಂಡೆ ಒಡೆದಾಗ ಒಳಗೆ ಒಣಪುಡಿ ಕಂಡರೆ ಇದೇ ಆಗಿದೆ ಎಂದು ತಿಳಿಯಬೇಕು.

ಹಾಗಾಗಿ ಸಾಲು ಬದಲಾಯಿತು. ಕಾಕುವಿನ ಎರಡು ಕೈಗಳನ್ನು ನೋಡಿ ಮಗಳು ಬರೆದದ್ದು ಇದು: 'ದ್ಯುನ್ ಮ್ಯಾಂ, ಓಂ ವೇರ್ಸ್ ಲಾ ಫಾರೀನ್. ದ ಲೋತ್ರ್, ಓಂ ರಮ್ಯು.' ಒಂದು ಕೈಲಿ ಹಿಟ್ಟು ಸುರೀತೀವಿ, ಇನ್ನೊಂದು ಕೈಲಿ ತಿರುವ್ತೀವಿ. ಇಡೀ ಬರಹದಲ್ಲಿ ನಮಗೆ ಇದೇ ಹೆಚ್ಚು ಇಷ್ಟ.

ಕೊನೆಗೆ ನಿಂತ ಬರಹ ಹೀಗಿದೆ. ಓದಲು ಬರಲಿ ಎಂದು ಕನ್ನಡ ಅಕ್ಷರದಲ್ಲಿ ಕೊಡುತ್ತಿದ್ದೇವೆ.

'ಬೋಂಜೂರ್! ಓಜೂರ್ದ್ವಿ, ಓಂ ಪ್ರೆಪಾರ್ ಲ ಜುಣಕ.' ನಮಸ್ಕಾರ, ಇವತ್ತು ಜುಣಕ ಮಾಡ್ತೀವಿ.

'ಇಲ್ ಫೋ ಅಂ ವೇರ್ ದ ಫಾರೀನ್ ದ ಪ್ವಾ ಶೀಶ್, ದಜೋನ್ಯೋಂ, ಸೀ ಗೂಸ್ ದಾಯ್, ದ ಪಿಮಾಂ ವೇರ್.' ಒಂದು ಲೋಟ ಕಡಲೆ ಹಿಟ್ಟು, ಎರಡು ಉಳ್ಳಾಗಡ್ಡಿ, ಆರು ಎಸಳು ಬೆಳ್ಳುಳ್ಳಿ, ಎರಡು ಹಸಿಮೆಣಸಿನಕಾಯಿ ಬೇಕು.

'ಇಲ್ ಫೋ ಓಸೀ ದ ಲ್ವೀಲ್, ದ್ಯು ಸೆಲ್, ದ್ಯು ಕ್ಯುರ್ಕ್ಯುಮಾ, ದ್ಯು ಕ್ಯುಮ್ಯಾಂ ಎ ದೆ ಗ್ರೆನ್ ದ ಮೂತಾರ್ದ್.' ಎಣ್ಣೆ, ಉಪ್ಪು, ಅರಿಶಿನ, ಜೀರಿಗೆ, ಸಾಸಿವೆಯೂ ಬೇಕು.

'ದಾಬೋರ್, ಓಂ ಶೋಫ್ ಲ್ವೀಲ್. ಓಂ ನಾಜೂತ್ ಲಾ ಮೂತಾರ್ದ್: ಎಲ್ ಸೋತ್!' ಮೊದಲು ಎಣ್ಣೆ ಕಾಯಿಸ್ತೀವಿ, ಸಾಸಿವೆ ಹಾಕ್ತೀವಿ, ಅದು ಸಿಡೀತದೆ.

'ಆಂಸ್ವೀತ್, ಓಂ ನಾಜೂತ್ ಲ ಕ್ಯುಮ್ಯಾಂ, ಲಾಯ್, ಲ ಪಿಮಾಂ ಎ ಲೆಜೋನ್ಯೋಂ.' ಆಮೇಲೆ ಜೀರಿಗೆ, ಬೆಳ್ಳುಳ್ಳಿ, ಮೆಣಸಿನಕಾಯಿ, ಉಳ್ಳಾಗಡ್ಡಿ. ಇಲ್ಲಿ ಐದು ನಿಮಿಷ ಹುರಿಯುವುದನ್ನು ಚಿತ್ರದಲ್ಲಿ ಐದು ಸೆಕೆಂಡಿಗೆ ಇಳಿಸಿ, ಪರದೆಯ ಮೇಲೆ ಗಡಿಯಾರ ತೋರಿಸಿದೆವು.

'ಪ್ವಿ, ಅಂ ವೇರ್ ಎ ದ್ಮೀ ದೋ, ಲ ಸೆಲ್ ಎ ಲ ಕ್ಯುರ್ಕ್ಯುಮಾ. ಲೋ ಎ ತ್ರೆ ಶೋದ್.' ನಂತರ ಒಂದೂವರೆ ಲೋಟ ನೀರು, ಉಪ್ಪು, ಅರಿಶಿನ. ನೀರು ಚೆನ್ನಾಗಿ ಬಿಸಿಯಾಗಿದೆ. 'ನೀರು ಕುದೀತದೆ' ಅನ್ನಲು ಫ್ರೆಂಚಿನಲ್ಲಿ 'ಲೋ ಬೂ' ಎಂಬ ಚಿಕ್ಕ ಮಾತಿದೆ. ಆದರೆ ಆ ಕ್ರಿಯಾಪದದ ರೂಪ ವಕ್ರ, ಹೊಸಬರಿಗೆ ಕಿವಿಗೇ ಬೀಳುವುದಿಲ್ಲ. ಗುಳ್ಳೆ ಏಳುವುದನ್ನು ಚಿತ್ರ ತೋರಿಸುತ್ತದಲ್ಲ, ಅದನ್ನು ಬಿಟ್ಟೆವು.

ಆಮೇಲೆ ಎರಡು ಕೈಗಳ ಆ ಸಾಲು. ಅದರ ಹಿಂದೆಯೇ 'ಆತಾಂಸಿಯೋಂ ಓ ಗ್ರ್ಯುಮೋ!', ಗಂಟು ಆಗದಂತೆ ಹುಷಾರು.

'ಓಂ ಕೂವ್ರ್. ವೀ ಮಿನ್ಯುತ್ ಆ ಫ ದೂ.' ಮುಚ್ಚಿಡ್ತೀವಿ, ಸಣ್ಣ ಉರಿಯಲ್ಲಿ ಎಂಟು ನಿಮಿಷ.

'ಸೇ ಪ್ರೆ! ಓಂ ಮಾಂಜ್ ಲ ಜುಣಕ ಅವೆಕ್ ಯುನ್ ಗಾಲೆತ್ ದ ಸೋರ್ಗೋ.' ಆಯಿತು, ಜೋಳದ ರೊಟ್ಟಿ ಜೊತೆ ಜುಣಕ ತಿಂತೀವಿ.

ಓದಿದರೆ ಒಂದೇ ನಿಮಿಷದಲ್ಲಿ ಮುಗಿಯುತ್ತದೆ. ಪ್ರತಿ ಸಾಲಿನ ನಂತರ ಎರಡು ಸೆಕೆಂಡ್ ಸುಮ್ಮನಿದ್ದರೆ ಒಂದೂವರೆ ನಿಮಿಷ. ಆ ಮೌನ ಬೇಕೇ ಬೇಕು, ಕೇಳುವವರು ಮಾತನ್ನು ಚಿತ್ರಕ್ಕೆ ಹೊಂದಿಸಿಕೊಳ್ಳುವುದು ಆಗಲೇ. ಇನ್ನೊಂದು ಕಾರಣವೂ ಇದೆ. 'ವೇರ್' ಅಂದರೆ ಲೋಟ, 'ವೇರ್' ಅಂದರೆ ಹಸಿರು, ಕಿವಿಗೆ ಎರಡೂ ಒಂದೇ. ಹಾಗಾಗಿ ಲೋಟ ಎಂದಾಗ ಲೋಟವೇ ಕಾಣಬೇಕು, ಮೆಣಸಿನಕಾಯಿ ಎಂದಾಗ ಮೆಣಸಿನಕಾಯಿ. ಮೊದಲ ಸಲ ಚಿತ್ರ ತೆಗೆದಾಗ ಮಾತು ಒಂದು ಹೆಜ್ಜೆ ಮುಂದೆ ಓಡಿತ್ತು, ಹಿಟ್ಟು ಎನ್ನುವಾಗ ಪರದೆಯಲ್ಲಿ ಉಳ್ಳಾಗಡ್ಡಿ ಇತ್ತು.

ಕಳಿಸುವ ಮುಂಚೆ ಎರಡು ಬಗೆಯಲ್ಲಿ ನೋಡಿದೆವು. ಫ್ರೆಂಚ್ ಓದುವ ಗೆಳತಿಗೆ ಚಿತ್ರ ಮುಚ್ಚಿ ಧ್ವನಿ ಮಾತ್ರ ಕೇಳಿಸಿ, ಏನೇನು ಹಾಕಿದರು ಬರಿ ಎಂದಳು ಮಗಳು. ಅವಳು ಜೀರಿಗೆ ಒಂದನ್ನು ಬಿಟ್ಟು ಉಳಿದೆಲ್ಲ ಬರೆದಳು. 'ಕ್ಯುಮ್ಯಾಂ' ಎಂಬುದನ್ನು 'ಕಮೀನ್' ಎಂದು ಹೇಳಿದ್ದೇ ತಪ್ಪಾಗಿತ್ತು, ಆ ಸಾಲನ್ನು ಮತ್ತೆ ಹೇಳಿದ್ದಾಯಿತು. ಕಾಕುವಿಗೆ ಧ್ವನಿ ತೆಗೆದು ಚಿತ್ರ ಮಾತ್ರ ತೋರಿಸಿದೆವು. ಕನ್ನಡಕ ಹಾಕಿಕೊಂಡು ಸುಮ್ಮನೆ ನೋಡಿದರು. ಮುಚ್ಚಳ ತೆಗೆಯುವ ಜಾಗಕ್ಕೆ ಬಂದಾಗ ಬೆರಳಿಟ್ಟು ನಿಲ್ಲಿಸಿದರು.

"ಇಲ್ಲಿ ನೋಡವ್ವಾ, ಇನ್ನಾ ಬಾಣಲಿ ಬಿಟ್ಟಿಲ್ಲ. ಹಿಟ್ಟ ಹಸೀ ಐತಿ."

ನಿಜವೇ. ಬೆಂದ ಜುಣಕ ಬಾಣಲೆಯ ಬದಿ ಬಿಟ್ಟು ಬರುತ್ತದೆ, ಹಸಿ ಹಿಟ್ಟಿನ ವಾಸನೆ ಹೋಗಿರುತ್ತದೆ. ನಾವು ಅವಸರದಲ್ಲಿ ಐದೇ ನಿಮಿಷಕ್ಕೆ ಮುಚ್ಚಳ ತೆಗೆದಿದ್ದೆವು, ಮಾತು ಮಾತ್ರ ಎಂಟು ಅನ್ನುತ್ತಿತ್ತು. ಮರುದಿನ ಮತ್ತೆ ಒಲೆ ಹಚ್ಚಿ ಆ ತುಣುಕನ್ನು ಹೊಸದಾಗಿ ತೆಗೆದೆವು. ಆ ಜುಣಕ ಮಧ್ಯಾಹ್ನದ ಊಟಕ್ಕೆ ಎರಡು ಮನೆಗೂ ಆಯಿತು.