ನಲವತ್ತು ಲಕ್ಷದ ಹಿತ್ತಾಳೆ ಎಲ್ಲಿದೆ?

ಏಪ್ರಿಲ್ ಮೊದಲ ವಾರ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಹಿತ್ತಾಳೆಯ ಬಿಡಿಭಾಗ ಮಾಡುವ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಎಂದಿಟ್ಟುಕೊಳ್ಳಿ. ಲೆಕ್ಕ ನೋಡಿಕೊಳ್ಳುವವರು ಹನ್ನೊಂದು ವರ್ಷದಿಂದ ಅಲ್ಲೇ ದುಡಿಯುತ್ತಿರುವ ಹೆಣ್ಣುಮಗಳು. ಸಂಜೆ ಆರಕ್ಕೆ ಮಾಲೀಕರು ಒಳಗೆ ಕರೆದು ಬಾಗಿಲು ಮುಚ್ಚಲು ಹೇಳುತ್ತಾರೆ. "ನೋಡಮ್ಮ, ಕ್ಲೋಸಿಂಗ್ ಸ್ಟಾಕು ಒಂದು ನಲವತ್ತು ಲಕ್ಷ ಜಾಸ್ತಿ ತೋರಿಸಿಬಿಡು. ಬ್ಯಾಂಕಿನೋರು ಲಿಮಿಟ್ ರಿನ್ಯೂ ಮಾಡಬೇಕು. ಬರೋ ವರ್ಷ ಸರಿ ಮಾಡ್ಕೊಳ್ಳೋಣ. ಕಂಪನಿ ನಂದು, ಜವಾಬ್ದಾರೀನೂ ನಂದೇ."

ಈ ಕಂಪನಿ ಕಲ್ಪನೆಯದು, ಅಂಕಿಗಳೂ ಸುಲಭಕ್ಕೆಂದು ದುಂಡಗೆ ಮಾಡಿದವು. ಮಾತು ಮಾತ್ರ ಕಲ್ಪನೆಯದಲ್ಲ. ಲೆಕ್ಕ ಬರೆಯುವ ಕೆಲಸದಲ್ಲಿರುವ ಬಹಳ ಮಂದಿ ಇದನ್ನು ಒಂದಲ್ಲ ಒಂದು ಮಾರ್ಚ್ ಕೊನೆಗೆ ಕೇಳಿಸಿಕೊಂಡಿರುತ್ತಾರೆ.

ಸ್ಟಾಕಿನ ಮೇಲೇ ಕಣ್ಣು ಬೀಳುವುದಕ್ಕೆ ಕಾರಣವಿದೆ. ಸುಳ್ಳು ಮಾರಾಟ ತೋರಿಸಬೇಕಾದರೆ ಬಿಲ್ಲು, ಜಿಎಸ್‌ಟಿ, ಗಿರಾಕಿಯ ಖಾತೆ ಎಲ್ಲವೂ ಬೇಕು. ಸ್ಟಾಕಿಗಾದರೆ ವರ್ಷದ ಕೊನೆಗೆ ಒಂದು ಅಂಕಿ ತಿದ್ದಿದರೆ ಸಾಕು. ನಮ್ಮ ಕಂಪನಿಯ ವರ್ಷದ ಮಾರಾಟ 4 ಕೋಟಿ. ವರ್ಷದ ಮೊದಲ ದಿನದ ಸ್ಟಾಕು 60 ಲಕ್ಷ, ಖರೀದಿ 2 ಕೋಟಿ 60 ಲಕ್ಷ, ಕೂಲಿ, ಕರೆಂಟು, ಬಡ್ಡಿ ಮುಂತಾದ ಖರ್ಚು 1 ಕೋಟಿ 40 ಲಕ್ಷ. ಮೂರೂ ಸೇರಿ 4 ಕೋಟಿ 60 ಲಕ್ಷ. ಮಾರ್ಚ್ 31ರಂದು ಗೋಡೌನಿನಲ್ಲಿ ಎಣಿಸಿದಾಗ ಸಿಕ್ಕಿದ ಸ್ಟಾಕು 52 ಲಕ್ಷ. ಮಾರಾಟ, ಉಳಿದ ಸ್ಟಾಕು ಎರಡೂ ಕೂಡಿದರೆ 4 ಕೋಟಿ 52 ಲಕ್ಷ. ಅಂದರೆ 8 ಲಕ್ಷ ನಷ್ಟ. ಆ 52ನ್ನು 92 ಮಾಡಿದ ಕ್ಷಣಕ್ಕೆ 8 ಲಕ್ಷದ ನಷ್ಟ 32 ಲಕ್ಷದ ಲಾಭವಾಗುತ್ತದೆ. ಸ್ಟಾಕಿನ ಮೇಲೆ ಕಾಲುಭಾಗ ಮಾರ್ಜಿನ್ ಹಿಡಿದು ಸಾಲ ಕೊಡುವ ಬ್ಯಾಂಕಾದರೆ, ಇಲ್ಲದ 40 ಲಕ್ಷದ ಮೇಲೆ ಇನ್ನೂ 30 ಲಕ್ಷ ಎತ್ತಿಕೊಳ್ಳಲು ಬಿಡುತ್ತದೆ.

"ಬರೋ ವರ್ಷ ಸರಿ ಮಾಡ್ಕೊಳ್ಳೋಣ" ಎನ್ನುವುದು ಎಷ್ಟು ಪೊಳ್ಳು ಎಂದು ಇಲ್ಲೇ ಗೊತ್ತಾಗುತ್ತದೆ. ಈ ವರ್ಷದ ಕೊನೆಯ ಸ್ಟಾಕೇ ಬರುವ ವರ್ಷದ ಮೊದಲ ಸ್ಟಾಕು. ಬರುವ ವರ್ಷ ನಿಜವಾಗಿ 10 ಲಕ್ಷ ಲಾಭವಾದರೂ, ಇಲ್ಲದ ಆ 40 ಲಕ್ಷ ಖರ್ಚಿನ ಕಡೆ ಬಂದು ಕೂತು ಪುಸ್ತಕ 30 ಲಕ್ಷ ನಷ್ಟ ತೋರಿಸುತ್ತದೆ. ಅದನ್ನು ಮುಚ್ಚಲು ಮತ್ತೆ 40 ಲಕ್ಷ ಏರಿಸಬೇಕು. ಈ ವರ್ಷದಷ್ಟೇ ಲಾಭ ತೋರಿಸಬೇಕೆಂದರೆ 62 ಲಕ್ಷ. ಜೊತೆಗೆ, ಬಾರದ 32 ಲಕ್ಷದ ಲಾಭಕ್ಕೆ ಸುಮಾರು 8 ಲಕ್ಷ ಆದಾಯ ತೆರಿಗೆಯನ್ನು ನಿಜವಾದ ದುಡ್ಡಿನಲ್ಲಿ ಕಟ್ಟಬೇಕು. ಕೈಯಲ್ಲಿ ಕಾಸಿಲ್ಲವೆಂದೇ ಶುರುವಾದ ಆಟ ಇದು. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಮಾಲೀಕರ ಮುಂದಿಟ್ಟರೆ ಎಷ್ಟೋ ಸಲ ಮಾತು ಅಲ್ಲಿಗೇ ನಿಲ್ಲುತ್ತದೆ. ನನ್ನ ಮಟ್ಟಿಗೆ, ಕಾನೂನಿನ ಹೆದರಿಕೆ ಹಾಕುವುದಕ್ಕಿಂತ ಮೊದಲು ಮಾಡಬೇಕಾದದ್ದು ಇದನ್ನೇ.

ಇನ್ನು ಸಂದೇಹದ ಮಾತು. ಲೆಕ್ಕಪರಿಶೋಧಕರಿಗಾಗಿ ನಮ್ಮ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆ ಹೊರಡಿಸಿರುವ ಎಸ್‌ಎ 200 ಎಂಬ ಮಾನದಂಡದಲ್ಲಿ 'ಪ್ರೊಫೆಷನಲ್ ಸ್ಕೆಪ್ಟಿಸಿಸಂ' ಎಂಬ ಮಾತಿದೆ. ವೃತ್ತಿಗೆ ತಕ್ಕ ಸಂದೇಹ ಎನ್ನೋಣ. ಪ್ರಶ್ನೆ ಕೇಳುವ ಮನಸ್ಸಿರಬೇಕು, ಕಣ್ತಪ್ಪಿನಿಂದಲೋ ಮೋಸದಿಂದಲೋ ಅಂಕಿ ತಪ್ಪಿರಬಹುದೆಂಬ ಎಚ್ಚರವಿರಬೇಕು, ಕೈಗೆ ಬಂದ ಸಾಕ್ಷ್ಯವನ್ನು ತೂಗಿ ನೋಡಬೇಕು ಎಂಬುದು ಅದರ ಸಾರ. ಎದುರಿಗಿರುವವರು ಕಳ್ಳರು ಎಂದುಕೊಂಡು ಹೊರಡುವುದು ಇದಲ್ಲ. ಹನ್ನೊಂದು ವರ್ಷ ಸಂಬಳ ಕೊಟ್ಟ ದೊಡ್ಡವರು, ಸುಳ್ಳು ಹೇಳಲಾರರು ಎಂದು ಸುಮ್ಮನಾಗುವುದೂ ಅಲ್ಲ. ಮಾನದಂಡ ಪರಿಶೋಧಕರಿಗೆ ಬರೆದದ್ದಾದರೂ ಪುಸ್ತಕ ಬರೆಯುವವರಿಗೂ ಅದೇ ಮನಸ್ಸು ಬೇಕು.

ಹಾಗಾಗಿ ನಮ್ಮ ಹೆಣ್ಣುಮಗಳು ಆ ಸಂಜೆ ಆಗುವುದಿಲ್ಲ ಎಂದೂ ಹೇಳಲಿಲ್ಲ, ಆಗಲಿ ಎಂದೂ ಹೇಳಲಿಲ್ಲ. ತನ್ನ ಮೇಜಿಗೆ ಬಂದು ಮಾಲೀಕರಿಗೆ ಮೂರು ಪ್ರಶ್ನೆಗಳ ಒಂದು ಮೇಲ್ ಕಳಿಸಿದರು. ಬಿಟ್ಟುಹೋದ ಸಾಮಾನು ಯಾವುದು, ಎಷ್ಟು ತೂಕ, ಈಗ ಎಲ್ಲಿದೆ? ಕೇಳಲೇಬೇಕು, ಏಕೆಂದರೆ ಮಾಲೀಕರ ಮಾತು ನಿಜವೂ ಇರಬಹುದು. ಪ್ಲೇಟಿಂಗಿಗೋ ಕಟಿಂಗಿಗೋ ಹೊರಗೆ ಕಳಿಸಿದ ಮಾಲು ನಮ್ಮದೇ ಆದರೂ ಎಣಿಕೆಯ ದಿನ ಗೋಡೌನಿನಲ್ಲಿ ಇರುವುದಿಲ್ಲ, ಮರೆತೇಹೋಗುತ್ತದೆ.

ಮರುದಿನ ಮಾಲೀಕರು ಒಂದು ಪಟ್ಟಿ ಕೊಟ್ಟರು. 6,600 ಕೆ.ಜಿ. ಹಿತ್ತಾಳೆ ಸರಳು, ಕೆ.ಜಿ.ಗೆ 600 ರೂಪಾಯಿಯಂತೆ ಹೆಚ್ಚುಕಡಿಮೆ 40 ಲಕ್ಷ, ಎಲ್ಲವೂ ಒಬ್ಬ ಜಾಬ್ ವರ್ಕರ್ ಬಳಿ. ಪಟ್ಟಿ ಅಂದೇ ಟೈಪ್ ಮಾಡಿದ್ದು. ತೂಕಗಳೆಲ್ಲ ಸೊನ್ನೆಯಲ್ಲಿ ಮುಗಿಯುತ್ತಿದ್ದವು. ತಕ್ಕಡಿಗೆ ಹಾಕಿದ ಸರಳು ಹಾಗೆ ದುಂಡು ದುಂಡಾಗಿ ತೂಗುವುದು ಅಪರೂಪ. ಆದರೂ ಅಷ್ಟರಿಂದಲೇ ಸುಳ್ಳೆಂದು ತೀರ್ಮಾನಿಸುವಂತಿಲ್ಲ. ಜಾಬ್ ವರ್ಕಿಗೆ ಮಾಲು ಹೋಗಬೇಕಾದರೆ ಡೆಲಿವರಿ ಚಲನ್ ಇರಬೇಕು. ಆಕೆ ಚಲನ್ ಪುಸ್ತಕ ತೆಗೆದರು. ವಾಪಸು ಬಾರದ ಮಾಲಿನ ಚಲನ್‌ಗಳು ಸಿಕ್ಕಿದವು, ಒಟ್ಟು 1,000 ಕೆ.ಜಿ. ಜಾಬ್ ವರ್ಕರಿಗೆ ತಾವೇ ಬರೆದು ಕೇಳಿದಾಗ ಅವರಿಂದಲೂ ನೇರವಾಗಿ ಅಷ್ಟೇ ಎಂಬ ಉತ್ತರ ಬಂತು. ಹೊರಗಿನವರು ನೇರ ಕಳಿಸಿದ ಕಾಗದಕ್ಕೆ, ಮಾಲೀಕರು ಕೈಗೆ ಕೊಟ್ಟ ಪಟ್ಟಿಗಿಂತ ತೂಕ ಹೆಚ್ಚು.

ಕೊನೆಗೆ ಆಕೆ ಹಿತ್ತಾಳೆಯ ಲೆಕ್ಕವನ್ನು ರೂಪಾಯಿ ಬಿಟ್ಟು ಕಿಲೋದಲ್ಲಿ ಹಾಕಿದರು. ವರ್ಷದ ಆರಂಭದಲ್ಲಿ 600 ಕೆ.ಜಿ. ಇತ್ತು, ಕೊಂಡದ್ದು 9,400, ಒಟ್ಟು 10,000. ಮಾರಿದ ಮತ್ತು ಸಿದ್ಧವಾಗಿ ಉಳಿದ ಬಿಡಿಭಾಗಗಳ ತೂಕ 6,300. ಲೇತಿನಲ್ಲಿ ಉದುರಿದ ಚೂರನ್ನು ಗುಜರಿಗೆ ಮಾರಿದ ಬಿಲ್ಲುಗಳ ಪ್ರಕಾರ 2,400. ಉಳಿಯಬಹುದಾದದ್ದು 1,300. ಗೋಡೌನಿನಲ್ಲಿ 300 ಎಣಿಕೆಯಾಗಿದೆ, ಹೊರಗೆ 1,000 ಇದೆ. ಲೆಕ್ಕ ಕೂಡಿತು. ವರ್ಷವಿಡೀ ಕೊಂಡದ್ದೇ 9,400 ಕೆ.ಜಿ. ಇರುವಾಗ 6,600 ಕೆ.ಜಿ. ಬೇರೆಯವರ ಶೆಡ್ಡಿನಲ್ಲಿ ಉಳಿದಿರಲು ಸಾಧ್ಯವೇ ಇಲ್ಲ. ರೂಪಾಯಿಯನ್ನು ಪುಸ್ತಕದಲ್ಲಿ ಹುಟ್ಟಿಸಬಹುದು, ಹಿತ್ತಾಳೆಯನ್ನು ಹುಟ್ಟಿಸಲಾಗದು. ಪರಿಶೋಧಕರು ನೋಡುವುದೂ ಇದನ್ನೇ.

ಇದರಿಂದ ಮಾಲೀಕರಿಗೂ ಒಂದು ನ್ಯಾಯ ಸಿಕ್ಕಿತು. ಬಿಟ್ಟುಹೋಗಿದ್ದ 1,000 ಕೆ.ಜಿ.ಯ 6 ಲಕ್ಷ ಸೇರಿ ಸ್ಟಾಕು 58 ಲಕ್ಷವಾಯಿತು, ನಷ್ಟ 8ರಿಂದ 2 ಲಕ್ಷಕ್ಕಿಳಿಯಿತು. ಸಂದೇಹಪಟ್ಟದ್ದರಿಂದಲೇ ಸರಿಯಾದ ಅಂಕಿ ಹೊರಬಂತು. ಉಳಿದ 34 ಲಕ್ಷಕ್ಕೆ ಆಧಾರವಿಲ್ಲ.

ಈಗ ಒತ್ತಡ ಮಗ್ಗುಲು ಬದಲಾಯಿಸುತ್ತದೆ. "ತೂಕ ಬೇಡ, ರೇಟು ಏರಿಸು" ಎನ್ನಬಹುದು. ಸ್ಟಾಕಿಗೆ ಕೊಂಡು ತಯಾರಿಸಿದ ವೆಚ್ಚ, ಮಾರಿದರೆ ಖರ್ಚು ಕಳೆದು ಸಿಗುವ ಬೆಲೆ, ಇವೆರಡರಲ್ಲಿ ಕಡಿಮೆಯದನ್ನೇ ಹಿಡಿಯಬೇಕೆಂಬ ನಿಯಮವಿದೆ. ಹಾಗಾಗಿ ಆ ದಾರಿಯೂ ಮುಚ್ಚಿದೆ. ಆಮೇಲೆ ಉಳಿಯುವುದು ಬರಿಯ ಒತ್ತಾಯ. ಆಗ ಆಕೆ ಬರೆದದ್ದು ಇಷ್ಟು: "ಸರ್, ಸ್ಟಾಕನ್ನು 40 ಲಕ್ಷ ಹೆಚ್ಚಿಸಲು ತಾವು ಹೇಳಿದ್ದಿರಿ. ಚಲನ್ ಸಿಕ್ಕ 6 ಲಕ್ಷ ಸೇರಿಸಿದ್ದೇನೆ. ಉಳಿದ 34 ಲಕ್ಷಕ್ಕೆ ದಾಖಲೆ ಸಿಕ್ಕಿಲ್ಲ. ಸಿಕ್ಕರೆ ಪರಿಶೀಲಿಸುತ್ತೇನೆ, ಇಲ್ಲದಿದ್ದರೆ ಈ ಎಂಟ್ರಿ ನನ್ನಿಂದ ಆಗುವುದಿಲ್ಲ." ಆಪಾದನೆಯಿಲ್ಲ, ಬೆದರಿಕೆಯಿಲ್ಲ, ನಡೆದದ್ದು ಮಾತ್ರ ಇದೆ.

ಬರಹದಲ್ಲಿ ಏಕೆ? "ಜವಾಬ್ದಾರಿ ನಂದು" ಎಂಬ ಬಾಯಿಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅಮೆರಿಕದ ವರ್ಲ್ಡ್‌ಕಾಮ್ ಕಂಪನಿಯ ಲೆಕ್ಕ ವಿಭಾಗದಲ್ಲಿದ್ದ ಬೆಟ್ಟಿ ವಿನ್ಸನ್ ಅವರಿಗೆ 2000ದ ಕೊನೆಯಲ್ಲಿ ಮೇಲಿನವರು ಖರ್ಚನ್ನು 82.8 ಕೋಟಿ ಡಾಲರ್ ಇಳಿಸಲು ಹೇಳಿದರು. ಆಕೆ ತಪ್ಪೆಂದು ಅರಿತೇ ಮಾಡಿದರು. ರಾಜೀನಾಮೆಗೂ ಯೋಚಿಸಿದರು. ಹಣಕಾಸು ಮುಖ್ಯಸ್ಥರು ಸಮಾಧಾನ ಹೇಳಿ ಉಳಿಸಿಕೊಂಡರು. ಮುಂದಿನ ತ್ರೈಮಾಸಿಕದಲ್ಲೂ ಅದೇ ಬೇಡಿಕೆ ಬಂತು, ಅದರ ಮುಂದಕ್ಕೂ ಬಂತು. 2002ರಲ್ಲಿ ಒಳ ಪರಿಶೋಧಕರು ಬಯಲು ಮಾಡಿದರು. ತಪ್ಪೊಪ್ಪಿಕೊಂಡ ವಿನ್ಸನ್ ಅವರಿಗೆ 2005ರಲ್ಲಿ ಐದು ತಿಂಗಳ ಜೈಲು, ಐದು ತಿಂಗಳ ಗೃಹಬಂಧನವಾಯಿತು. ಹೇಳಿದಂತೆ ಮಾಡಿದೆ ಎಂಬುದು ಆಕೆಯನ್ನು ಕಾಪಾಡಲಿಲ್ಲ.

ನಮ್ಮಲ್ಲೂ ಹಾಗೆಯೇ. 2013ರ ಕಂಪನಿ ಕಾಯ್ದೆಯ 447ನೇ ಸೆಕ್ಷನ್ ಪ್ರಕಾರ, ಕನಿಷ್ಠ 10 ಲಕ್ಷ ರೂಪಾಯಿಯ ಅಥವಾ ವಹಿವಾಟಿನ ಶೇ. 1ರಷ್ಟರ, ಯಾವುದು ಕಡಿಮೆಯೋ ಅಷ್ಟರ, ವಂಚನೆಗೆ ಆರು ತಿಂಗಳಿಂದ ಹತ್ತು ವರ್ಷದವರೆಗೆ ಜೈಲು ಮತ್ತು ದಂಡ. 34 ಲಕ್ಷ ಆ ಗೆರೆಯಿಂದ ಬಹಳ ಮೇಲಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಲೇಬೇಕು, ಅದನ್ನು ಆಫ್ ಮಾಡುವಂತಿಲ್ಲ. ಎಂಟ್ರಿ ಆಕೆಯ ಲಾಗಿನ್‌ನಿಂದ ಹೋದರೆ ಅಲ್ಲಿ ಉಳಿಯುವುದು ಆಕೆಯ ಹೆಸರು. ಪಾಸ್‌ವರ್ಡ್ ಯಾರಿಗೂ ಕೊಡಬಾರದು ಎನ್ನುವುದು ಇದಕ್ಕೇ. ಮಾಲೀಕರು ತಾವೇ ಎಂಟ್ರಿ ಹಾಕಿದರೆ, ಆಕೆ ಆ ಅಂಕಿಯಿಟ್ಟು ಬ್ಯಾಂಕಿನ ಸ್ಟಾಕ್ ಸ್ಟೇಟ್‌ಮೆಂಟ್ ತಯಾರಿಸಬಾರದು. ಪರಿಶೋಧಕರು ಕೇಳಿದಾಗ ಇದ್ದದ್ದನ್ನು ಇದ್ದಂತೆ ಹೇಳಬೇಕು. ಅದಕ್ಕೂ ಮೊದಲು ಇನ್ನೊಬ್ಬ ನಿರ್ದೇಶಕರಿದ್ದರೆ ಅವರ ಗಮನಕ್ಕೆ ತರಬಹುದು. ತಾನು ಬರೆದ ಪತ್ರಗಳ ಪ್ರತಿ ಇಟ್ಟುಕೊಳ್ಳುವುದು ಸರಿ. ಕಂಪನಿಯ ಕಡತವನ್ನೇ ಮನೆಗೆ ಹೊತ್ತುಕೊಂಡು ಹೋಗುವುದು ಸರಿಯಲ್ಲ, ಅದು ಬೇರೆಯದೇ ತೊಂದರೆ ತರುತ್ತದೆ.

ಮಾಲೀಕರ ಕಷ್ಟ ಸುಳ್ಳಲ್ಲ ಎಂಬುದನ್ನೂ ಹೇಳಬೇಕು. ಲಿಮಿಟ್ ನಿಂತರೆ ಶನಿವಾರದ ಬಟವಾಡೆ ನಿಲ್ಲುತ್ತದೆ. ಆದ್ದರಿಂದ ಆಗುವುದಿಲ್ಲ ಎಂದವರು ಆಗುವ ದಾರಿಯನ್ನೂ ತೋರಿಸಿದರೆ ಒಳ್ಳೆಯದು. ಸಣ್ಣ ಉದ್ದಿಮೆಗಳ ಸಾಲ ಕೆಡುವ ಮುಂಚೆಯೇ ಸರಿಪಡಿಸಲು ಒಂದು ಚೌಕಟ್ಟು 2015ರಿಂದ ಇದೆ. 25 ಕೋಟಿವರೆಗಿನ ಸಾಲಕ್ಕೆ ಅನ್ವಯವಾಗುತ್ತದೆ. ಉದ್ದಿಮೆದಾರರೇ ಬ್ಯಾಂಕಿಗೆ ಅರ್ಜಿ ಕೊಡಬಹುದು. ಕೈಯಲ್ಲಿರುವ ಆರ್ಡರುಗಳೊಂದಿಗೆ 2 ಲಕ್ಷದ ನಷ್ಟವನ್ನು ಬ್ಯಾಂಕಿನ ಮುಂದಿಟ್ಟು ಮಾತಾಡಬಹುದು. ಇಲ್ಲದ 34 ಲಕ್ಷದ ಸ್ಟಾಕನ್ನು ಬ್ಯಾಂಕಿನ ತಪಾಸಣೆಯವರು ಗೋಡೌನಿಗೆ ಬಂದಾಗ ತೋರಿಸಲಾಗದು.

ಇಷ್ಟೆಲ್ಲ ಮಾಡಿದರೂ ಕೆಲಸ ಹೋಗಬಹುದು. ದೂರುದಾರರಿಗೆ ರಕ್ಷಣೆ ಕೊಡುವ ವ್ಯವಸ್ಥೆಯನ್ನು ಕಂಪನಿ ಕಾಯ್ದೆ ಕಡ್ಡಾಯ ಮಾಡಿರುವುದು ಷೇರುಪೇಟೆಯಲ್ಲಿರುವ, ಠೇವಣಿ ಪಡೆದಿರುವ, ಅಥವಾ ಬ್ಯಾಂಕುಗಳಿಂದ 50 ಕೋಟಿಗೂ ಹೆಚ್ಚು ಸಾಲ ಮಾಡಿರುವ ಕಂಪನಿಗಳಿಗೆ ಮಾತ್ರ. ನಮ್ಮ ಹಿತ್ತಾಳೆ ಕಂಪನಿಯ ಹೆಣ್ಣುಮಗಳಿಗೆ ಅದು ಇಲ್ಲ. ಇದು ದೊಡ್ಡ ಕೊರತೆ, ಸರಿಯಾಗಬೇಕು. ಅಲ್ಲಿಯವರೆಗೆ ಆಕೆಯ ಬಳಿ ಇರುವ ಗಟ್ಟಿ ಆಧಾರವೆಂದರೆ ಆಕೆ ಬರೆದಿಟ್ಟ ಪತ್ರಗಳು.

ನೀವೋ ನಿಮ್ಮ ಮನೆಯವರೋ ಇಂಥ ಕೆಲಸದಲ್ಲಿದ್ದರೆ, ಬಾಗಿಲು ಮುಚ್ಚಿ ಇಂಥ ಮಾತು ಬಂದ ದಿನವೇ, ಮನೆಗೆ ಹೊರಡುವ ಮುಂಚೆ, ಆ ಮೂರು ಪ್ರಶ್ನೆಗಳನ್ನು ಬರೆದು ಕಳಿಸಿಬಿಡಿ: ಯಾವ ಸಾಮಾನು, ಎಷ್ಟು, ಎಲ್ಲಿದೆ?